ಮಗು 15ನೇ ಪರ್ಸೆಂಟೈಲ್‌ನಲ್ಲಿದೆ ಅಂದರೆ ಬೆಳವಣಿಗೆ ಕಡಿಮೆಯೇ?

ಪ್ರಶ್ನೆ: ನಮ್ಮ ಮಗಳಿಗೆ 9 ತಿಂಗಳು, ತೂಕ 7.3 ಕಿಲೋ. ಡಾಕ್ಟರು ಚಾರ್ಟ್‌ನಲ್ಲಿ ಚುಕ್ಕೆ ಇಟ್ಟು "15ನೇ ಪರ್ಸೆಂಟೈಲ್" ಅಂದರು. ನೂರಕ್ಕೆ ಹದಿನೈದು ಅಂದರೆ ತೀರಾ ಕಡಿಮೆ ಅಲ್ಲವೇ? ಮನೆಯಲ್ಲಿ ಎಲ್ಲರೂ ಮಗು ಸೊರಗಿದೆ ಅನ್ನುತ್ತಿದ್ದಾರೆ.

ಉತ್ತರ: ಇದು ಪರೀಕ್ಷೆಯ ಅಂಕ ಅಲ್ಲ. ಆರೋಗ್ಯವಾಗಿರುವ, ಅದೇ ವಯಸ್ಸಿನ ನೂರು ಹೆಣ್ಣು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗಳು ಕೆಳಗಿನಿಂದ ಸುಮಾರು ಹದಿನೈದನೆಯವಳು, ಅಷ್ಟೇ. ನೂರು ಜನರ ಸಾಲಿನಲ್ಲಿ ಯಾರಾದರೂ ಹದಿನೈದನೆಯ ಜಾಗದಲ್ಲಿ ಇರಲೇಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ನಮ್ಮಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಚಾರ್ಟ್. ಅದಕ್ಕಾಗಿ ಆರು ದೇಶಗಳಲ್ಲಿ ಅಳೆದ ಮಕ್ಕಳಲ್ಲಿ ದಿಲ್ಲಿಯ ಮಕ್ಕಳೂ ಇದ್ದರು. ಹಾಗಾಗಿ "ಅದು ಫಾರಿನ್ ಮಕ್ಕಳ ಲೆಕ್ಕ" ಎಂದು ತಳ್ಳಿಹಾಕುವಂತಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇವತ್ತಿನ ಚುಕ್ಕೆಯಲ್ಲಲ್ಲ, ಅದಕ್ಕೂ ಹಿಂದಿನ ಚುಕ್ಕೆಗಳಲ್ಲಿ. ಇಬ್ಬರು ಹೆಣ್ಣು ಮಕ್ಕಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ 9 ತಿಂಗಳು, ಇಬ್ಬರೂ 7.3 ಕಿಲೋ.

ಮೊದಲನೆಯವಳು ಹುಟ್ಟಿದಾಗ 2.8 ಕಿಲೋ, 3 ತಿಂಗಳಿಗೆ 5.1, 6 ತಿಂಗಳಿಗೆ 6.4, ಈಗ 7.3. ಚುಕ್ಕೆಗಳನ್ನು ಸೇರಿಸಿದರೆ ಗೆರೆ 15ನೇ ರೇಖೆಯ ಮೇಲೇ ಸಾಗುತ್ತದೆ. ಅಪ್ಪ ಅಮ್ಮ ಸಣ್ಣ ಮೈಕಟ್ಟಿನವರಾಗಿದ್ದರೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಈ ಮಗುವಿಗೆ ಒತ್ತಾಯ ಮಾಡಿ ತಿನ್ನಿಸಬೇಕಿಲ್ಲ, ಡಬ್ಬಿಯ ಪೌಡರೂ ಬೇಡ.

ಎರಡನೆಯವಳು ಹುಟ್ಟಿದಾಗ 3.7 ಕಿಲೋ, 3 ತಿಂಗಳಿಗೆ 6.7. ಎರಡೂ 85ನೇ ರೇಖೆಯ ಮೇಲಿನ ತೂಕ. 6 ತಿಂಗಳಿಗೆ 7.3, ಅಂದರೆ 50ನೇ ರೇಖೆಗೆ ಇಳಿದಳು. 9 ತಿಂಗಳಿಗೂ ಅದೇ 7.3. ಮೂರು ತಿಂಗಳಲ್ಲಿ ತೂಕ ಒಂದಿಷ್ಟೂ ಏರಿಲ್ಲ. ನೋಡಲು ಈಗಲೂ ಗುಂಡಗೆ ಕಾಣಬಹುದು, "ಚೆನ್ನಾಗಿದೆ ಮಗು" ಅಂತ ಬಂದವರು ಹೇಳಬಹುದು. ಆದರೆ ಡಾಕ್ಟರ ಗಮನ ಬೇಕಿರುವುದು ಇವಳಿಗೇ. ಮಗು ಹೀಗೆ ಎರಡು ಮುಖ್ಯ ರೇಖೆಗಳನ್ನು ದಾಟಿ ಕೆಳಗಿಳಿದರೆ, ಅಥವಾ ಗೆರೆ ಏರದೆ ಅಡ್ಡವಾಗಿ ಮಲಗಿದರೆ, ಕಾರಣ ಹುಡುಕಬೇಕು.

ಈ ವಯಸ್ಸಿನಲ್ಲಿ ಮೊದಲು ನೋಡಬೇಕಾದ್ದು ಬಟ್ಟಲಲ್ಲಿ ಏನಿದೆ ಅನ್ನುವುದನ್ನು. ಆರು ತಿಂಗಳ ನಂತರ ಎದೆಹಾಲೊಂದೇ ಸಾಲದು. ಆಗ ಕೊಡುವ ರಾಗಿ ಸರಿಯೋ ಅನ್ನದ ಗಂಜಿಯೋ ಬಾಟಲಿಯಲ್ಲಿ ಕುಡಿಸುವಷ್ಟು ನೀರಾಗಿದ್ದರೆ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಚಮಚ ಓರೆ ಮಾಡಿದರೂ ಸುರಿದುಹೋಗದಷ್ಟು ಗಟ್ಟಿ ಇರಬೇಕು, ಜೊತೆಗೆ ಬೇಳೆ, ಒಂದಿಷ್ಟು ತುಪ್ಪ ಅಥವಾ ಎಣ್ಣೆ ಬೇಕು. ಊಟ ಸರಿಯಾಗಿದ್ದೂ ತೂಕ ನಿಂತಿದ್ದರೆ ಡಾಕ್ಟರು ಪದೇ ಪದೇ ಆಗುವ ಭೇದಿ, ಮೂತ್ರದ ಸೋಂಕಿನಂಥ ಕಾರಣಗಳನ್ನು ಪರೀಕ್ಷಿಸುತ್ತಾರೆ. ಉದ್ದದ ಚಾರ್ಟನ್ನೂ ಕೇಳಿ ನೋಡಿ. ಆಹಾರ ಸಾಲದಾದಾಗ ಸಾಮಾನ್ಯವಾಗಿ ಮೊದಲು ತೂಕ ಕುಗ್ಗುತ್ತದೆ, ಉದ್ದ ನಿಧಾನವಾಗುವುದು ಆಮೇಲೆ. ತೂಕ ಸರಿಯಿದ್ದು ಉದ್ದ ಮಾತ್ರ ಹಿಂದೆ ಬಿದ್ದರೆ ಥೈರಾಯ್ಡ್‌ನಂಥ ಬೇರೆ ಕಾರಣಗಳ ಕಡೆ ಯೋಚಿಸುತ್ತಾರೆ.

ಹಾಗಂತ ರೇಖೆ ಬದಲಾದದ್ದೆಲ್ಲ ಕಾಯಿಲೆಯಲ್ಲ. ಹುಟ್ಟಿದ ತೂಕ ಹೆಚ್ಚಾಗಿ ಗರ್ಭದಲ್ಲಿ ಸಿಕ್ಕ ಪೋಷಣೆಯನ್ನು ಅವಲಂಬಿಸಿರುತ್ತದೆ. ಹುಟ್ಟಿದ ಮೇಲೆ ಮಗು ತನ್ನ ವಂಶಕ್ಕೆ ತಕ್ಕ ರೇಖೆಗೆ ನಿಧಾನವಾಗಿ ಸರಿಯುವುದುಂಟು. ಎರಡು ವರ್ಷದೊಳಗೆ ಒಂದು ರೇಖೆಯಷ್ಟು ಮೇಲೆ ಕೆಳಗೆ ಆಗಿ, ಅಲ್ಲಿಂದ ಸಮವಾಗಿ ಸಾಗಿದರೆ ಆತಂಕ ಬೇಡ.

ಗಾಬರಿಯಾಗುವ ಮೊದಲು ಚುಕ್ಕೆಯೇ ಸರಿಯಾದ ಜಾಗದಲ್ಲಿದೆಯೇ ನೋಡಿ. ಹುಡುಗಿಯ ತೂಕವನ್ನು ಹುಡುಗರ ಚಾರ್ಟ್‌ನಲ್ಲಿ ಗುರುತಿಸಿದರೆ ಮಗು ಇದ್ದದ್ದಕ್ಕಿಂತ ಕೆಳಗೆ ಕಾಣುತ್ತದೆ. ಅವಧಿಗೆ ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಾಗಿದ್ದರೆ 9 ತಿಂಗಳ ಚುಕ್ಕೆಯನ್ನು 7 ತಿಂಗಳ ಜಾಗದಲ್ಲಿ ಇಡಬೇಕು. ಎರಡು ವರ್ಷ ತುಂಬುವವರೆಗೂ ಇದೇ ಲೆಕ್ಕ. ಹೋದ ಸಲ ಸ್ವೆಟರ್ ಸಮೇತ ತೂಗಿ ಈ ಸಲ ಬರಿಮೈಯಲ್ಲಿ ತೂಗಿದ್ದರೂ ಗೆರೆ ಚಪ್ಪಟೆಯಾಗುತ್ತದೆ. 50ನೇ ರೇಖೆಯಲ್ಲಿರುವ ಹುಡುಗಿಯೂ 6ರಿಂದ 9 ತಿಂಗಳೊಳಗೆ ಏರುವುದು 900 ಗ್ರಾಂ ಮಾತ್ರ. ಆದ್ದರಿಂದ ಮನೆಯಲ್ಲಿ ವಾರ ವಾರ ತೂಗಿದರೆ ನೀವು ಅಳೆಯುವುದು ಆಗಷ್ಟೇ ಕುಡಿದ ಹಾಲನ್ನೋ ಒದ್ದೆ ಡೈಪರನ್ನೋ. ತಿಂಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ ತೂಗಿದರೆ ಸಾಕು.

ಅಂಗನವಾಡಿಯಲ್ಲಿ ಗುರುತು ಹಾಕುವ ತಾಯಿ ಕಾರ್ಡಿನಲ್ಲಿ ಪರ್ಸೆಂಟೈಲ್ ರೇಖೆಗಳ ಬದಲು ಬಣ್ಣದ ಪಟ್ಟಿಗಳಿರುತ್ತವೆ. ಅಲ್ಲಿನ ಹಸಿರು ಪಟ್ಟಿಯ ಕೆಳ ಅಂಚು ಹೆಚ್ಚುಕಡಿಮೆ 3ನೇ ಪರ್ಸೆಂಟೈಲ್‌ನ ಹತ್ತಿರ ಬರುತ್ತದೆ. ನಾನು ಹೇಳಿದ ಎರಡನೆಯ ಮಗು ಇವತ್ತಿಗೂ ಹಸಿರಿನಲ್ಲೇ ಇರುತ್ತಾಳೆ. ಹಾಗಾಗಿ ಬಣ್ಣ ನೋಡಿ ಸುಮ್ಮನಾಗಬೇಡಿ. ನಿಮ್ಮ ಮಗಳ ಹುಟ್ಟಿದ ತೂಕವನ್ನೂ ಪ್ರತಿ ಲಸಿಕೆಯ ದಿನ ಬರೆದ ತೂಕವನ್ನೂ ಆ ಕಾರ್ಡಿನಿಂದ ತೆಗೆದು ಡಾಕ್ಟರ ಚಾರ್ಟ್‌ನಲ್ಲಿ ಗುರುತು ಹಾಕಿಸಿ.