ಮಾಡ್ಯೂಲ್ ಅಂದ್ರೆ ವಿಡಿಯೊ ಅಲ್ಲ

ಮೊನ್ನೆ ಮತ್ತೊಂದು ಪ್ಲಾನ್ ಶೀಟ್ ನೋಡ್ಲಿಕ್ಕೆ ಬಂತು. ಕನ್ನಡದಲ್ಲಿ ಆನ್‌ಲೈನ್ ಕೋರ್ಸ್ ಮಾಡ್ಲಿಕ್ಕೆ ಹೊರಟ ಒಂದು ತಂಡದ್ದು. ಮಾಡ್ಯೂಲ್ 1 ಲೆಕ್ಚರ್ ವಿಡಿಯೊ, ಮಾಡ್ಯೂಲ್ 2 ಸ್ಲೈಡ್, ಮಾಡ್ಯೂಲ್ 3 ಆನಿಮೇಶನ್, ಮಾಡ್ಯೂಲ್ 4 ಕ್ವಿಝ್ ಅಂತ ಬರ್ದಿದ್ರು. ಇಂಥದ್ದು ನಾನು ನೋಡುದು ಈ ವರ್ಷ ಇದು ಮೂರನೇ ಸಲ, ಹಾಗಾಗಿ ಈಗ ಬರೀತಿದ್ದೇನೆ. ಅವು ನಾಲ್ಕು ಮಾಡ್ಯೂಲ್ ಅಲ್ಲ, ನಾಲ್ಕು ಬಗೆಯ ಸಾಮಗ್ರಿ. ನಾಲ್ಕೂ ಒಂದೇ ಮಾಡ್ಯೂಲಿನ ಒಳಗೆ ಇರಬೇಕಾದವು.

ಪದ ಎಲ್ಲಿಂದ ಬಂತು ಅಂತ ಒಂದು ಸಲ ನೋಡಿದ್ರೆ ಈ ಗೊಂದಲ ಅರ್ಧ ಕಡಿಮೆ ಆಗ್ತದೆ. ಲ್ಯಾಟಿನಿನಲ್ಲಿ ಮೋಡುಸ್ ಅಂದ್ರೆ ಅಳತೆ, ಅದರ ಸಣ್ಣ ರೂಪ ಮೋಡುಲುಸ್, ಅಂದ್ರೆ ಚಿಕ್ಕ ಅಳತೆ. ನಾವು ದಿನಾ ಹೇಳುವ ಮಾಡೆಲ್, ಕಾಂಕ್ರೀಟ್ ಹುಯ್ಯುವ ಮೋಲ್ಡ್, ಎರಡೂ ಇದೇ ಬೇರಿನವು. ಕ್ರಿ.ಪೂ. 1ನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಡೋರಿಕ್ ಶೈಲಿಯ ದೇವಸ್ಥಾನ ಹೇಗೆ ಕಟ್ಟುದು ಅಂತ ಬರೆಯುವಾಗ ಅಡಿ ಇಂಚಿನಲ್ಲಿ ಹೇಳುದಿಲ್ಲ. ಕಂಬದ ದಪ್ಪ 2 ಮಾಡ್ಯೂಲ್, ಮೇಲಿನ ಬೋದಿಗೆ ಸೇರಿ ಎತ್ತರ 14 ಮಾಡ್ಯೂಲ್ ಅಂತಾನೆ. ಮೊದಲು ಒಂದು ಅಳತೆ ಗಟ್ಟಿ ಮಾಡ್ಕೊಳ್ಳಿ, ಉಳಿದದ್ದೆಲ್ಲ ಅದರಲ್ಲೇ ಅಳೀರಿ, ಕಟ್ಟಡ ದೊಡ್ಡದಿರಲಿ ಸಣ್ಣದಿರಲಿ ಲೆಕ್ಕ ತಪ್ಪುದಿಲ್ಲ. ನಮ್ಮ ಕಾಸರಗೋಡಿನ ಕಡೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ, ಹಳೇ ಕ್ರಮದ ಮನೆಗೆ ಆಚಾರಿಗಳು ಹಿಡಿಯುವ ಕೋಲು ಅದೇ ಅಲ್ವಾ, 24 ಅಂಗುಲಕ್ಕೆ ಒಂದು ಕೋಲು, ಈಗಿನ ಲೆಕ್ಕದಲ್ಲಿ 72 ಸೆಂಟಿಮೀಟರ್, ಕೋಣೆ ಅಂಗಳ ಎಲ್ಲ ಅದರ ಲೆಕ್ಕದಲ್ಲೇ ಹೋಗ್ತದೆ.

ಪಠ್ಯಪುಸ್ತಕದವರು ಮಾಡ್ಯೂಲಿಗೆ ಘಟಕ ಅಂತಾರೆ. ತಪ್ಪಲ್ಲ, ಆದ್ರೆ ಘಟಕ ಅಂದಾಗ ಕಿವಿಗೆ ಬೀಳುದು ‘ಒಂದು ಭಾಗ’ ಅಂತ ಮಾತ್ರ, ‘ಅಳತೆ’ ಅನ್ನುವ ಅರ್ಥ ಅಲ್ಲಿ ಬಿಟ್ಟುಹೋಗ್ತದೆ. ಭಾಗ ಅಂತ ತಲೆಯಲ್ಲಿ ಕೂತರೆ ಹೇಗೆ ಬೇಕಾದ್ರೂ ಕೊಯ್ಯಬಹುದು ಅನ್ನಿಸ್ತದೆ, ಆಗಲೇ ವಿಡಿಯೊ ಒಂದು ಮಾಡ್ಯೂಲ್, ಕ್ವಿಝ್ ಒಂದು ಮಾಡ್ಯೂಲ್ ಆಗುದು.

ಕೋರ್ಸಿನಲ್ಲಿ ಮಾಡ್ಯೂಲ್ ಅಂದ್ರೆ ಕಲಿಯುವವ ಅದು ಮುಗಿದ ಮೇಲೆ ಹೊಸತಾಗಿ ಒಂದು ಕೆಲಸ ಮಾಡಬಲ್ಲ, ಆ ಕೆಲಸಕ್ಕೆ ಬೇಕಾದ ಲೆಕ್ಚರ್, ಸ್ಲೈಡ್, ಆನಿಮೇಶನ್, ಕ್ವಿಝ್ ಎಲ್ಲ ಅದರೊಳಗೇ ಉಂಟು. ಮಾಡುವವರ ಮಟ್ಟಿಗೆ, ಇಡೀ ಕೋರ್ಸಿಗೆ ಎಷ್ಟು ದಿನ ಎಷ್ಟು ಖರ್ಚು ಅಂತ ಅಳೆಯುವ ಕೋಲು ಕೂಡ ಅದೇ.

ಇನ್ನೊಂದು ತಪ್ಪು ‘ಮಾಡ್ಯೂಲ್ 6 ನಿಮಿಷ ಮೀರಬಾರದು’ ಅನ್ನುದು. ಈ 6 ನಿಮಿಷ ಬಂದದ್ದು 2014ರಲ್ಲಿ ಎಡ್‌ಎಕ್ಸ್ ಕೋರ್ಸುಗಳ ವಿಡಿಯೊಗಳನ್ನು ಜನ ಎಷ್ಟು ಹೊತ್ತು ನೋಡ್ತಾರೆ ಅಂತ ಲೆಕ್ಕ ಹಾಕಿದ ಒಂದು ಅಧ್ಯಯನದಿಂದ. ಅದು ಹೇಳಿದ್ದು ಒಂದೊಂದು ವಿಡಿಯೊದ ಉದ್ದದ ಬಗ್ಗೆ, ಸಣ್ಣದಿದ್ದಷ್ಟು ಪೂರ್ತಿ ನೋಡ್ತಾರೆ ಅಂತ. ಮಾಡ್ಯೂಲಿನ ಬಗ್ಗೆ ಅದರಲ್ಲಿ ಏನೂ ಇಲ್ಲ. 6 ನಿಮಿಷದಲ್ಲಿ ಒಂದು ಕೆಲಸ ಕಲಿತು, ಮಾಡಿ ನೋಡಿ, ಪ್ರಶ್ನೆಗೂ ಉತ್ತರಿಸ್ಲಿಕ್ಕೆ ಆಗುದಿಲ್ಲ.

ನಾನು ಪ್ಲಾನ್ ಮಾಡಿದ ಒಂದು ಮಾಡ್ಯೂಲನ್ನೇ ಬಿಡಿಸಿ ಇಡ್ತೇನೆ. ತೋಟಕ್ಕೆ ಹೊಸತಾಗಿ ಇಳಿದ ಹುಡುಗ ಹುಡುಗಿಯರಿಗೆ ಅಡಿಕೆ ಕೃಷಿಯ ಕೋರ್ಸ್, ಅದರ 3ನೇ ಮಾಡ್ಯೂಲ್ ಮಹಾಳಿಗೆ, ಅಂದ್ರೆ ಅಡಿಕೆಯ ಕೊಳೆರೋಗಕ್ಕೆ, ಮೈಲುತುತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೊ ಮದ್ದು. ಶೀಟಿನ ಮೊದಲ ಸಾಲು ಇಷ್ಟೇ: ‘ಇದು ಮುಗಿದಾಗ ಶೇಕಡ 1ರ ಬೋರ್ಡೊ ದ್ರಾವಣ 100 ಲೀಟರ್ ಸ್ವಂತ ತಯಾರು ಮಾಡಿ, ಅದು ಸರಿ ಉಂಟಾ ಅಂತ ಪರೀಕ್ಷೆ ಮಾಡಬಲ್ಲರು.’ ಮಹಾಳಿಯ ಚರಿತ್ರೆ, ಸಬ್ಸಿಡಿ, ದೋಟಿಯ ರೇಟು ಇದೆಲ್ಲ ಆ ಸಾಲಿಗೆ ಸೇರುದಿಲ್ಲ, ಹಾಗಾಗಿ ಈ ಮಾಡ್ಯೂಲಿಗೂ ಇಲ್ಲ.

ಎರಡನೇದ್ದಾಗಿ ಬರೆಯುದು ಕ್ವಿಝ್. ಹೆಚ್ಚಿನವರು ಅದನ್ನು ಎಲ್ಲಾ ಮುಗಿದ ಮೇಲೆ ಕಡೆಯ ದಿನ ರಾತ್ರಿ ಕೂತು ಬರೀತಾರೆ, ಆಗ ಬರುದು ‘ಬೋರ್ಡೊ ಯಾವ ದೇಶದಲ್ಲಿ ಉಂಟು’ ಅನ್ನುವಂಥ ಪ್ರಶ್ನೆ, ಯಾಕಂದ್ರೆ ಸ್ಲೈಡಿನಲ್ಲಿ ಕಣ್ಣಿಗೆ ಬಿದ್ದದ್ದು ಅದೇ. ನಾವು ಮೊದಲೇ ಬರೆದ ಪ್ರಶ್ನೆ ಹೀಗಿತ್ತು: ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚಾಕುವಿನ ಮೇಲೆ ಕೆಂಪು ಲೇಪ ಕೂತಿದೆ, ಈಗ ಏನು ಮಾಡ್ತೀರಿ? ನೀರು ಸೇರಿಸುದು, ಇನ್ನಷ್ಟು ಮೈಲುತುತ್ತು ಸೇರಿಸುದು, ಸುಣ್ಣದ ನೀರು ಸೇರಿಸುದು, ಹಾಗೇ ಬಿಡುದು. ತಪ್ಪು ಉತ್ತರ ಮೂರೂ ತೋಟದಲ್ಲಿ ಜನ ನಿಜವಾಗಿ ಮಾಡುವಂಥವು. ಕೆಂಪು ಬಂದ್ರೆ ಮೈಲುತುತ್ತಿನ ತಾಮ್ರ ಸುಣ್ಣಕ್ಕೆ ಪೂರ್ತಿ ಸೇರದೆ ಉಳಿದಿದೆ ಅಂತ ಲೆಕ್ಕ, ಹಾಗೇ ಬಿಟ್ರೆ ಹಿಂಗಾರ ಎಳೆಕಾಯಿ ಸುಡಬಹುದು, ಸುಣ್ಣದ ನೀರೇ ಸೇರಿಸಬೇಕು. ಹೀಗೆ 8 ಪ್ರಶ್ನೆ ಆಯ್ತು, ಒಂದೊಂದರ ಎದುರು ಇದಕ್ಕೆ ಉತ್ತರ ಯಾವ ವಿಡಿಯೊದಲ್ಲಿ ಎಷ್ಟನೇ ನಿಮಿಷ ಅನ್ನುವ ಖಾಲಿ ಕಾಲಂ ಇಟ್ಟೆವು. ಕಡೆಗೆ ಆ ಕಾಲಂ ಎಲ್ಲಾದ್ರೂ ಖಾಲಿ ಉಳಿದ್ರೆ ಮಾಡ್ಯೂಲ್ ಮುಗಿದಿಲ್ಲ.

ಆಮೇಲೆ ಸ್ಕ್ರಿಪ್ಟ್. ಮೂರು ವಿಡಿಯೊ, 5, 7, 4 ನಿಮಿಷದವು, ಒಟ್ಟು 16 ನಿಮಿಷ. ಇಂಗ್ಲಿಷಿನವರ ಲೆಕ್ಕ ಹಿಡಿದು ನಿಮಿಷಕ್ಕೆ 150 ಪದ ಅಂತ ಬರೆದ್ರೆ ಕನ್ನಡದಲ್ಲಿ ಉಸಿರು ಸಾಲುದಿಲ್ಲ. ನಮ್ಮ ಒಂದು ಪದದೊಳಗೆ ಅವರ ಎರಡು ಮೂರು ಪದ ಕೂತಿರ್ತದೆ, ‘ಸೇರಿಸಿದ್ದರಿಂದಲೇ’ ಅನ್ನುದನ್ನು ಅವರು ಎಷ್ಟು ಪದದಲ್ಲಿ ಹೇಳಬೇಕು ನೋಡಿ. ನಾನು ಗಡಿಯಾರ ಇಟ್ಟು ಓದಿದಾಗ ನಿಮಿಷಕ್ಕೆ 95 ಪದದ ಹತ್ರ ಬಂತು, ಅಂದ್ರೆ 16 ನಿಮಿಷಕ್ಕೆ ಸುಮಾರು 1500 ಪದ. ಓದುವ ಒಂದು ಪುಟಕ್ಕೆ 5 ನಿಮಿಷ, ಕ್ವಿಝಿಗೆ 10, ಮನೆಯಲ್ಲೇ 10 ಗ್ರಾಂ ಮೈಲುತುತ್ತು 10 ಗ್ರಾಂ ಸುಣ್ಣದಲ್ಲಿ ಒಂದು ಲೀಟರ್ ಮಾಡಿ ನೋಡ್ಲಿಕ್ಕೆ 15. ಕಲಿಯುವವನ ಲೆಕ್ಕದಲ್ಲಿ ಈ ಮಾಡ್ಯೂಲ್ ಮುಕ್ಕಾಲು ಗಂಟೆ.

ಆನಿಮೇಶನ್ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಕ್ಯಾಮರಾಕ್ಕೆ ಸಿಗುವುದನ್ನು ಆನಿಮೇಟ್ ಮಾಡಬಾರದು. 50 ಲೀಟರ್ ನೀರಿನಲ್ಲಿ ಒಂದು ಕಿಲೊ ಮೈಲುತುತ್ತು, ಇನ್ನೊಂದು 50 ಲೀಟರಿನಲ್ಲಿ ಒಂದು ಕಿಲೊ ಸುಣ್ಣ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕ್ತಾ ಹುಯ್ಯುದು, ಇದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡಿ ಶೂಟ್ ಮಾಡಿದ್ರೆ ಆಯ್ತು, ಆ ನೀಲಿ ಬಣ್ಣ ಯಾವ ಚಿತ್ರದಲ್ಲೂ ಅಷ್ಟು ಸರಿ ಬರುದಿಲ್ಲ. ಆನಿಮೇಶನ್ ಬೇಕಾದದ್ದು ಕಣ್ಣಿಗೆ ಕಾಣದ್ದಕ್ಕೆ. ಮಳೆನೀರಿನ ತೆಳು ಪದರದಲ್ಲಿ ಮಹಾಳಿಯ ಬೀಜಕಣ ಈಜಿಕೊಂಡು ಕಾಯಿಗೆ ತಲುಪುದು, ಕಾಯಿಯ ಮೇಲೆ ಮೊದಲೇ ತಾಮ್ರ ಇದ್ರೆ ಅಲ್ಲೇ ಸಾಯುದು. ಮಳೆಗೆ ಮುಂಚೆಯೇ ಯಾಕೆ ಮದ್ದು ಬಿಡಬೇಕು ಅಂತ ಇದು 40 ಸೆಕೆಂಡಿನಲ್ಲಿ ತೋರಿಸ್ತದೆ. 40 ಸೆಕೆಂಡ್ ಅಂದ್ರೆ ಸೆಕೆಂಡಿಗೆ 25 ಫ್ರೇಮಿನ ಹಾಗೆ 1000 ಫ್ರೇಮ್. ಸ್ಕ್ರಿಪ್ಟ್ ತಜ್ಞರು ನೋಡಿ ಒಪ್ಪಿ, ಧ್ವನಿ ರೆಕಾರ್ಡ್ ಆಗಿ ಗಟ್ಟಿಯಾಗುವ ಮೊದಲು ಅದಕ್ಕೆ ಕೈ ಹಾಕಿದ್ರೆ ಒಂದು ವಾಕ್ಯ ಬದಲಾದಾಗ ಇನ್ನೂರು ಮುನ್ನೂರು ಫ್ರೇಮ್ ಹೋಯ್ತು. ಚಿತ್ರದ ಒಳಗೆ ಅಕ್ಷರ ಬರೆಯಬೇಡಿ, ಬೇರೆ ಪದರದಲ್ಲಿ ಇಡಿ, ನಾಳೆ ಇದೇ ಕೋರ್ಸ್ ಮಲಯಾಳಕ್ಕೂ ಬೇಕು ಅಂತ ಇಲ್ಲಿ ಯಾರಾದ್ರೂ ಕೇಳಿಯೇ ಕೇಳ್ತಾರೆ.

ಈಗ ಆ ಶೀಟಿನ ತಪ್ಪು ಎಲ್ಲಿ ಕಚ್ಚುದು ಅಂತ ಹೇಳ್ತೇನೆ. ಸಾಮಗ್ರಿಯ ಪ್ರಕಾರ ಪ್ಲಾನ್ ಮಾಡಿದ್ರೆ ಮೊದಲು ಎಲ್ಲಾ ಲೆಕ್ಚರ್, ಮತ್ತೆ ಎಲ್ಲಾ ಸ್ಲೈಡ್, ಮತ್ತೆ ಎಲ್ಲಾ ಆನಿಮೇಶನ್. ನಾನು ಹಿಂದೆ ಕೆಲಸ ಮಾಡಿದ ಒಂದು ತಂಡ ಹಾಗೇ ಮಾಡಿತ್ತು. ಸುಣ್ಣದ ನೀರನ್ನು ತುತ್ತಿನ ನೀರಿಗೆ ಹುಯ್ಯಿರಿ ಅಂತ ಸ್ಕ್ರಿಪ್ಟಿನಲ್ಲಿ ತಲೆಕೆಳಗಾಗಿ ಬಂದಿತ್ತು, ಅದೇ ಮಾತು ಮೂರು ಲೆಕ್ಚರಿನಲ್ಲಿ ಇತ್ತು, ತಜ್ಞರ ಕಣ್ಣಿಗೆ ಬಿದ್ದದ್ದು ಸ್ಲೈಡ್ ಹಂತದಲ್ಲಿ. ಅಷ್ಟೊತ್ತಿಗೆ ಜೂನ್ ಬಂದಿತ್ತು. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಯಾವ ಮೈಕಿನಲ್ಲೂ ಒಂದು ಹದಿನೈದು ನಿಮಿಷ ಶುದ್ಧ ಧ್ವನಿ ಸಿಗುದಿಲ್ಲ, ಮಳೆಗೆ ಮುಂಚಿನ ಮದ್ದು ಬಿಡುವ ಕೆಲಸವೂ ತೋಟದಲ್ಲಿ ಮುಗಿದಿತ್ತು, ಹಾಗಾಗಿ ಮೂರರ ರೀಶೂಟ್ ಮುಂದಿನ ವರ್ಷಕ್ಕೆ ಹೋಯ್ತು. ಮಾಡ್ಯೂಲ್ ಪ್ರಕಾರ ಹೋಗಿದ್ರೆ ಅದು ಮೊದಲನೇದ್ದರಲ್ಲೇ ಸಿಕ್ಕಿ ಒಂದೇ ಕಡೆ ತಿದ್ದಿ ಮುಗೀತಿತ್ತು.

ಹಾಗಾಗಿ ನಾವು ಒಂದು ಮಾಡ್ಯೂಲನ್ನು ಮೊದಲು ಪೂರ್ತಿ ಮಾಡಿದೆವು, ಸಬ್‌ಟೈಟಲ್ ಸಮೇತ. ಮೂರು ಜನಕ್ಕೆ 15 ಕೆಲಸದ ದಿನ ಹಿಡೀತು, ಅದರಲ್ಲಿ 5 ದಿನ ಆನಿಮೇಶನ್ ಒಂದಕ್ಕೇ. ಈ 15 ನಮ್ಮ ಕೋಲು. ಉಳಿದ ಮಾಡ್ಯೂಲುಗಳನ್ನು ಇದರಲ್ಲಿ ಅಳೆದೆವು, ಆನಿಮೇಶನ್ ಇಲ್ಲದ್ದಕ್ಕೆ 10, ಎರಡು ಆನಿಮೇಶನ್ ಇದ್ದದ್ದಕ್ಕೆ 20. ಆಮೇಲೆ ಒಂದರ ಹಿಂದೆ ಒಂದು ಸಾಲು ಹಿಡಿಸಿದೆವು, ಒಂದು ಎಡಿಟಿಂಗಿನಲ್ಲಿರುವಾಗ ಮುಂದಿನದ್ದು ಆನಿಮೇಶನಿನಲ್ಲಿ, ಅದರ ಮುಂದಿನದ್ದು ಸ್ಕ್ರಿಪ್ಟಿನಲ್ಲಿ. ರೆಕಾರ್ಡಿಂಗ್ ಮಾತ್ರ ಎರಡೆರಡು ಮಾಡ್ಯೂಲ್ ಒಟ್ಟಿಗೆ ಮಾಡಿದ್ದು ಉಂಟು, ಲೈಟು ಮೈಕು ಕಟ್ಟುವ ಶ್ರಮ ಒಂದೇ ಸಲಕ್ಕೆ ಆಗ್ತದೆ ಅಂತ, ಆದ್ರೆ ಎರಡಕ್ಕಿಂತ ಹೆಚ್ಚು ಇಲ್ಲ.

ಆ 15ರಲ್ಲಿ ಒಂದು ದಿನ ಹೊರಗಿನವರಿಗೆ ತೋರಿಸ್ಲಿಕ್ಕೆ ಇಟ್ಟದ್ದು, ಅದನ್ನು ದಯವಿಟ್ಟು ಯಾರೂ ಉಳಿಸ್ಲಿಕ್ಕೆ ಹೋಗಬೇಡಿ. ನೆರೆಮನೆಯ ಹುಡುಗ ವಿಡಿಯೊ ನೋಡಿ ಒಂದು ಲೀಟರ್ ಮಾಡಿದ, ಚಾಕು ಅದ್ದಿದ, ಕೂಡ್ಲೇ ತೆಗ್ದು ‘ಕೆಂಪು ಬರ್ಲೇ ಇಲ್ಲ ಅಕ್ಕ, ಸರಿ ಉಂಟು’ ಅಂದ. ನಾವು ಹೇಳಿದ್ದು ‘ಚಾಕು ಅದ್ದಿ ನೋಡಿ’ ಅಂತ ಅಷ್ಟೇ, ಕೆಲವು ನಿಮಿಷ ಹಾಗೇ ಬಿಡಬೇಕು ಅಂತ ಎಲ್ಲೂ ಇರ್ಲಿಲ್ಲ. ಎರಡನೇ ವಿಡಿಯೊಕ್ಕೆ 9 ಸೆಕೆಂಡ್ ಸೇರಿಸಿದೆವು, ಕ್ವಿಝಿನ ಆ ಪ್ರಶ್ನೆಯಲ್ಲಿ ‘ಅದ್ದಿದ’ ಅಂತ ಇದ್ದದ್ದನ್ನು ‘ಅದ್ದಿಟ್ಟ’ ಅಂತ ಮಾಡಿದೆವು.