ಶಾಲೆಯ ಸಭೆಯಲ್ಲಿ ಸೌಹಾರ್ದದ ಮಾತು: ಯಾವ ಧರ್ಮವನ್ನೂ ಮೇಲೆ ಕೂರಿಸದೆ ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಹೈಸ್ಕೂಲ್ ಟೀಚರ್. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಧರ್ಮ ಸೌಹಾರ್ದದ ಬಗ್ಗೆ ಎರಡು ನಿಮಿಷ ಮಾತಾಡಬೇಕು. ಯಾವ ಮಗುವಿಗೂ ತನ್ನ ಧರ್ಮ ಕೆಳಗಿನದು ಅನ್ನಿಸಬಾರದು. ಏನು ಹೇಳಲಿ?

ಉತ್ತರ: ಮೊದಲು, ಏನನ್ನು ಬಿಡಬೇಕು ಅಂತ ನೋಡೋಣ. ‘ಎಲ್ಲ ಧರ್ಮಗಳೂ ಹೇಳುವುದು ಒಂದೇ ದೇವರನ್ನು’ ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಜೈನರೂ ಬೌದ್ಧರೂ ಜಗತ್ತನ್ನು ಸೃಷ್ಟಿಸಿದ ದೇವರಿದ್ದಾನೆ ಎಂದು ಹೇಳುವುದಿಲ್ಲ. ಆ ಮನೆಯ ಮಕ್ಕಳು ಈ ಮಾತಿನಿಂದ ಹೊರಗೇ ಉಳಿಯುತ್ತಾರೆ. ‘ನಮ್ಮದು ಎಲ್ಲರನ್ನೂ ಸಹಿಸಿಕೊಂಡ ಧರ್ಮ’ ಎಂಬುದು ಇನ್ನೂ ಕಷ್ಟ. ಅಲ್ಲಿ ಒಬ್ಬರು ಮನೆ ಯಜಮಾನರು, ಉಳಿದವರು ನೆಂಟರು, ಅಲ್ವಾ?

ಹಾಗಾಗಿ ತತ್ವ ಬೇಡ. ಊರಲ್ಲಿ ಕಣ್ಣಿಗೆ ಕಾಣುವ ಒಂದು ಸಂಗತಿ ಹೇಳಿ. ನಿಮ್ಮ ಊರಿಗೆ, ದಾರಿಯಲ್ಲಿ ದರ್ಗಾಕ್ಕೂ ಹೋಗುವ ಕರಗದ ಮೆರವಣಿಗೆಯೇ ಸರಿ. ಆದರೆ ಅದನ್ನೂ ತಪ್ಪಾಗಿ ಹೇಳಬಹುದು. ‘ದರ್ಗಾಕ್ಕೂ ಹೋಗುವಷ್ಟು ದೊಡ್ಡ ಮನಸ್ಸು’ ಎಂದರೆ ಮುಗೀತು, ಹೊಗಳಿಕೆ ಒಂದೇ ಕಡೆಗೆ ಬಿತ್ತು. ಬರೆದಾದ ಮೇಲೆ ಪ್ರತಿ ವಾಕ್ಯದಲ್ಲೂ ಧರ್ಮಗಳ ಹೆಸರನ್ನು ಅದಲುಬದಲು ಮಾಡಿ ಓದಿ. ಇರುಸುಮುರುಸು ಆದರೆ ಆ ವಾಕ್ಯ ವಾಲಿದೆ ಎಂದರ್ಥ. ‘ಮುಸ್ಲಿಮರಾದರೂ ಹಬ್ಬಕ್ಕೆ ಬಂದರು’ ಎಂಬುದರಲ್ಲಿನ ‘ಆದರೂ’ ಹೀಗೇ ಸಿಕ್ಕಿಬೀಳುತ್ತದೆ.

ಮಾತು ಹೀಗಿರಬಹುದು:

“ಮಕ್ಕಳೇ, ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಕರಗ ಹೊರಡುತ್ತದೆ. ಮಲ್ಲಿಗೆ ಹೊತ್ತ ಕರಗ, ಸುತ್ತ ಕತ್ತಿ ಹಿಡಿದ ವೀರಕುಮಾರರು. ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ದರ್ಗಾದವರು ಬರಮಾಡಿಕೊಳ್ಳುತ್ತಾರೆ. ಆಮೇಲೆ ಕರಗ ತನ್ನ ದಾರಿ ಹಿಡಿಯುತ್ತದೆ, ದರ್ಗಾ ದರ್ಗಾವಾಗಿಯೇ ಇರುತ್ತದೆ. ಯಾರೂ ತಮ್ಮ ನಂಬಿಕೆ ಬಿಡಲಿಲ್ಲ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿ ಚರ್ಚಿನ ಹಬ್ಬಕ್ಕೂ ಬೇರೆ ಬೇರೆ ಧರ್ಮದವರು ಬರುತ್ತಾರೆ. ನಿಮ್ಮ ಪಕ್ಕ ನಿಂತಿರುವ ಗೆಳೆಯರ ಮನೆಯಲ್ಲಿ ಯಾವ ಹಬ್ಬ, ಅವತ್ತು ಏನು ಮಾಡುತ್ತಾರೆ ಅಂತ ಈ ವಾರ ಕೇಳಿ. ಅವರಲ್ಲಿ ಹಬ್ಬವೇ ಇಲ್ಲ ಎಂದರೆ ಅದೂ ಸರಿ.”

ನಿಧಾನವಾಗಿ ಓದಿದರೂ ಎರಡು ನಿಮಿಷದೊಳಗೆ ಮುಗಿಯುತ್ತದೆ. ಕೊನೆಯಲ್ಲಿ ಒಂದು ಧರ್ಮದ ಶ್ಲೋಕವನ್ನೋ ಘೋಷಣೆಯನ್ನೋ ಸೇರಿಸಬೇಡಿ. ಅಷ್ಟು ಹೊತ್ತು ಕಾಪಾಡಿದ ಸಮತೂಕ ಅಲ್ಲೇ ಹೋಗುತ್ತದೆ. ಸುಮ್ನೆ ‘ಧನ್ಯವಾದ’ ಸಾಕು.

ಇನ್ನೊಂದು ಮಾತು. ಮಾತಿನ ಮಧ್ಯೆ ‘ನಮ್ಮ ಶಾಲೆಯ ಕ್ರಿಶ್ಚಿಯನ್ ಮಕ್ಕಳು ಎದ್ದು ನಿಲ್ಲಿ’ ಅಂತ ಹೇಳಿಸಲೇಬೇಡಿ. ಚಪ್ಪಾಳೆ ಬಂದರೂ ಆ ಮಗು ಅವತ್ತು ಪೂರ್ತಿ ಇಡೀ ತರಗತಿಯ ಕಣ್ಣಿಗೆ ಬೀಳುತ್ತದೆ.