ಸಾವು ಇಳಿದಾಗ ಎಳೆಯದಾದ ದೇಶ, ಹುಟ್ಟು ಇಳಿದಾಗ ಮಾಗುತ್ತಿದೆ

ಒಂದು ಹಳ್ಳಿಯ ಜನರನ್ನೆಲ್ಲ ಶಾಲೆಯ ಬಯಲಿನಲ್ಲಿ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ತೊಟ್ಟಿಲ ಕೂಸು ಸಾಲಿನ ಮೊದಲಿಗೆ, ಕೋಲೂರಿದ ಅಜ್ಜಿ ಕೊನೆಗೆ. ಒಟ್ಟು 101 ಜನರಿದ್ದರೆ 51ನೆಯವರ ವಯಸ್ಸೇ ಆ ಊರಿನ ಮಧ್ಯಾಂಕ ವಯಸ್ಸು. ಭಾರತದ ಸಾಲಿನಲ್ಲಿ ನಟ್ಟನಡುವೆ ನಿಂತವರಿಗೆ 1970ರ ಸುಮಾರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಈಗ ಅಲ್ಲಿ ನಿಂತವರಿಗೆ ಸುಮಾರು 28. ಜನ ಹೆಚ್ಚು ಕಾಲ ಬದುಕುತ್ತಿರುವುದರಿಂದ ಹೀಗಾಗಿದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ನಡೆದದ್ದು ಬೇರೆ.

ಹುಟ್ಟು ಸಾವುಗಳೆರಡೂ ಹೆಚ್ಚಿರುವ ಸ್ಥಿತಿಯಿಂದ ಎರಡೂ ಕಡಿಮೆಯಿರುವ ಸ್ಥಿತಿಗೆ ದೇಶವೊಂದು ಸಾಗುವುದನ್ನು ಜನಸಂಖ್ಯಾ ಪರಿವರ್ತನೆ ಎನ್ನುತ್ತಾರೆ. ಅದರ ಮೊದಲ ಘಟ್ಟದಲ್ಲಿ ಹುಟ್ಟೂ ಹೆಚ್ಚು, ಸಾವೂ ಹೆಚ್ಚು. 1911ರಲ್ಲಿ 25.2 ಕೋಟಿಯಿದ್ದ ದೇಶದ ಜನಸಂಖ್ಯೆ 1921ರ ಗಣತಿಯ ಹೊತ್ತಿಗೆ 25.1 ಕೋಟಿಗೆ ಇಳಿದಿತ್ತು. ಮನೆ ಮನೆಯಲ್ಲೂ ಮಕ್ಕಳು ಹುಟ್ಟುತ್ತಿದ್ದರೂ ಪ್ಲೇಗ್, ಕಾಲರಾ, 1918ರ ಇನ್‌ಫ್ಲುಯೆಂಜಾಗಳು ಆ ಲೆಕ್ಕವನ್ನೆಲ್ಲ ಅಳಿಸಿಹಾಕಿದವು. ಅದಾದ ಮೇಲೆ ಯಾವ ದಶಕದಲ್ಲೂ ದೇಶದ ಜನಸಂಖ್ಯೆ ಇಳಿದಿಲ್ಲ.

ಎರಡನೆಯ ಘಟ್ಟದಲ್ಲಿ ಸಾವು ಇಳಿಯುತ್ತದೆ, ಹುಟ್ಟು ಹಾಗೆಯೇ ಉಳಿಯುತ್ತದೆ. ಸ್ವಾತಂತ್ರ್ಯದ ನಂತರ ಡಿಡಿಟಿ ಸಿಂಪಡಣೆಯಿಂದ ಮಲೇರಿಯಾ ತಗ್ಗಿತು, ಸಿಡುಬಿನ ಲಸಿಕೆ ಹಳ್ಳಿಗಳನ್ನು ಮುಟ್ಟಿತು. ಹೀಗೆ ಉಳಿದ ಜೀವಗಳಲ್ಲಿ ಮುದುಕರಿಗಿಂತ ಕೂಸುಗಳೇ ಹೆಚ್ಚು. ನಮ್ಮ ಸಾಲಿಗೇ ಬನ್ನಿ: ಹಿಂದಾಗಿದ್ದರೆ ತೀರಿಹೋಗುತ್ತಿದ್ದ ಆರು ಮಕ್ಕಳು ಬದುಕಿ ಸಾಲಿನ ಮೊದಲಿಗೆ ನಿಂತರು. ಈಗ 107 ಜನ, ನಡುವೆ ಇರುವವರು 54ನೆಯವರು. ಅವರು ಹಳೆಯ ಸಾಲಿನಲ್ಲಿ 48ನೆಯವರಾಗಿದ್ದವರು. ಸಾವು ಕಡಿಮೆಯಾದದ್ದೇ ತಡ, ನಡುವಿನ ಬಿಂದು ಮಕ್ಕಳ ಕಡೆಗೆ ಮೂರು ಹೆಜ್ಜೆ ಸರಿಯಿತು! ಆಯುಸ್ಸು ಹೆಚ್ಚುತ್ತಿದ್ದ ಆ ದಶಕಗಳಲ್ಲಿ ದೇಶ ಇನ್ನಷ್ಟು ಎಳೆಯದಾದದ್ದು ಹೀಗೆ.

ಮಧ್ಯಾಂಕ ಮೇಲೇರಲು ಹುಟ್ಟು ಇಳಿಯಲೇಬೇಕು. ಇದು ಮೂರನೆಯ ಘಟ್ಟ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆದಿತ್ತು. ಸರ್ಕಾರವೊಂದು ತೆರೆದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಅವು ಮೊದಲನೆಯವು ಎನ್ನುತ್ತಾರೆ. 1952ರಲ್ಲಿ ಕುಟುಂಬ ಯೋಜನೆ ರಾಷ್ಟ್ರೀಯ ಕಾರ್ಯಕ್ರಮವೇ ಆಯಿತು. ಆದರೂ 1960ರ ದಶಕದಲ್ಲಿ ಒಬ್ಬ ತಾಯಿಗೆ ಸರಾಸರಿ ಆರರ ಹತ್ತಿರ ಮಕ್ಕಳಿದ್ದರು. ಹೆತ್ತ ಆರರಲ್ಲಿ ಎರಡನ್ನು ಮಣ್ಣಿಗಿಟ್ಟ ತಾಯಿಗೆ ‘ಎರಡೇ ಸಾಕು’ ಎಂದರೆ ಅವಳು ಹೇಗೆ ನಂಬಿಯಾಳು? ಮಕ್ಕಳು ಉಳಿಯುತ್ತಾರೆಂಬ ಧೈರ್ಯ ಬಂದ ಮೇಲೆ, ಹೆಣ್ಣುಮಕ್ಕಳು ಶಾಲೆಯಲ್ಲಿ ಮುಂದುವರಿದು ಮದುವೆಯ ವಯಸ್ಸು ಏರಿದ ಮೇಲೆ ಸಂಖ್ಯೆ ಇಳಿಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಾಸರಿ 2.0, ಕರ್ನಾಟಕದ್ದು 1.7, ಬಿಹಾರದ್ದು 3.0.

ನಾವು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದ ಈ ದಾರಿಯನ್ನು ಜಪಾನ್ ಹತ್ತೇ ವರ್ಷದಲ್ಲಿ ಮುಗಿಸಿತು. ಅಲ್ಲಿ 1947ರಲ್ಲಿ ತಾಯಿಗೆ ಸರಾಸರಿ 4.5 ಮಕ್ಕಳು, 1957ರಲ್ಲಿ ಸುಮಾರು ಎರಡು. 1950ರಲ್ಲಿ ಆ ದೇಶದ ಮಧ್ಯಾಂಕ ವಯಸ್ಸು 22, 2020ರಲ್ಲಿ 48 ದಾಟಿತ್ತು. ಹುಟ್ಟು ಎಷ್ಟು ಬೇಗ ಇಳಿಯಿತೋ ಅಷ್ಟೇ ಬೇಗ ಮುಪ್ಪು ಬಂತು. ನಿಧಾನವಾಗಿ ಇಳಿದದ್ದರಿಂದ ನಮಗೆ ಸ್ವಲ್ಪ ಕಾಲಾವಕಾಶ ಸಿಕ್ಕಿದೆ.

ಈ ಅಂಕಿಯನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಗಣತಿಯವರು ವಯಸ್ಸು ಕೇಳಿದಾಗ ಅಜ್ಜಿ ‘ದೊಡ್ಡ ಬರ ಬಿದ್ದ ವರ್ಷ ಹುಟ್ಟಿದ್ದು’ ಎನ್ನುತ್ತಾಳೆ, ಅವರು ಅಂದಾಜಿನಲ್ಲಿ 60 ಎಂದು ಬರೆದುಕೊಳ್ಳುತ್ತಾರೆ. ಗಣತಿಯ ಹಾಳೆಗಳಲ್ಲಿ 30, 35, 40, 60 ವಯಸ್ಸಿನವರ ದಂಡೇ ಇದ್ದು, 31, 39, 61 ಬಡವಾಗಿ ಕಂಡರೆ ಈ ದೋಷ ಆಗಿದೆಯೆಂದೇ ಅರ್ಥ. ತಜ್ಞರು ಅದನ್ನು ಸರಿದೂಗಿಸಿದ ಮೇಲೆಯೇ ಮಧ್ಯಾಂಕ ತೆಗೆಯಬೇಕು. ಎರಡನೆಯದು ವಲಸೆ. ಕೆಲಸ ಹುಡುಕಿ ಬಂದ ಯುವಕರಿಂದ ಬೆಂಗಳೂರು ಎಳೆಯದಾಗಿ ಕಾಣುತ್ತದೆ, ಅವರು ಬಿಟ್ಟುಬಂದ ಹಳ್ಳಿಯಲ್ಲಿ ಜಗಲಿಯ ಮೇಲೆ ಹಿರಿಯರಷ್ಟೇ ಉಳಿದಿರುತ್ತಾರೆ. ಎರಡೂ ಕಡೆ ಹುಟ್ಟಿನ ದರ ಒಂದೇ ಇದ್ದರೂ ಮಧ್ಯಾಂಕ ಬೇರೆಯಾಗುತ್ತದೆ.

ತಾಯಿಗೆ ಎರಡೇ ಮಕ್ಕಳಾದರೂ ದೇಶದ ಜನಸಂಖ್ಯೆ ಇನ್ನೂ ಬೆಳೆಯುತ್ತಿದೆ. ಹಿಂದೆ ಹೆಚ್ಚು ಹುಟ್ಟಿದ ಹೆಣ್ಣುಮಕ್ಕಳೇ ಇಂದು ತಾಯಂದಿರಾಗುತ್ತಿರುವುದು ಇದಕ್ಕೆ ಕಾರಣ. ವಿಶ್ವಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷವೊಂದಕ್ಕೆ ಅತಿ ಹೆಚ್ಚು ಮಕ್ಕಳು ಹುಟ್ಟಿದ್ದು ಈ ಶತಮಾನದ ಆರಂಭದಲ್ಲಿ. ಅಲ್ಲಿಂದ ಈಚೆಗೆ ಸಾಲಿನ ಮೊದಲಿಗೆ ಬಂದು ನಿಲ್ಲುವ ಕೂಸುಗಳು ಕಡಿಮೆಯಾಗುತ್ತಿದ್ದಾರೆ, ಈಗಾಗಲೇ ನಿಂತವರಿಗೆ ಮಾತ್ರ ವರ್ಷಕ್ಕೊಂದು ವರ್ಷ ಏರುತ್ತಲೇ ಇದೆ. ಕೇಂದ್ರ ಸರ್ಕಾರದ ತಜ್ಞರ ತಂಡ 2036ಕ್ಕೆ ಅಂದಾಜಿಸಿರುವ ಮಧ್ಯಾಂಕ ವಯಸ್ಸು 34.5. ಅಂದರೆ ಆ ವರ್ಷ ಸಾಲಿನ ನಟ್ಟನಡುವೆ ನಿಲ್ಲುವವರು 2001ರ ಆಸುಪಾಸಿನಲ್ಲಿ ಹುಟ್ಟಿದ, ಆ ಅತಿ ದೊಡ್ಡ ಗುಂಪಿನವರೇ.